ಪಗಾರ ಚೀಟಿಯ ಗಂಟೆಗಳನ್ನು ನೀವೇ ತಾಳೆ ನೋಡುವುದು ಹೇಗೆ?

ಭೋಸರಿ, ಚಾಕಣ ಕಡೆಯ ಕಾರ್ಖಾನೆಗಳಲ್ಲಿ ಠೇಕೇದಾರರ ಕೈಕೆಳಗೆ ದುಡಿಯುವ ನಮ್ಮವರು ಪ್ರತಿ ತಿಂಗಳು ಏಳೆಂಟನೇ ತಾರೀಕಿನ ಹೊತ್ತಿಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ಅಣ್ಣಾ, ಓಟಿ ಇಷ್ಟು ಮಾಡಿದೆ, ಪಗಾರ ಇಷ್ಟೇ ಬಂದಿದೆ. ಇದು ಸರಿಯೇ?" ಚೀಟಿಯ ಫೋಟೋ ನೋಡಿದ ಮಾತ್ರಕ್ಕೆ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಚೀಟಿಯಲ್ಲಿ ಇರುವುದು ಅವರ ಲೆಕ್ಕ. ನಿಮ್ಮ ಲೆಕ್ಕ ಪಕ್ಕದಲ್ಲಿದ್ದರೆ ಮಾತ್ರ ಎರಡನ್ನೂ ಹೋಲಿಸಬಹುದು. ಹಲವು ವರ್ಷ ಟೈಮ್ ಆಫೀಸಿನ ಆ ಬದಿಯ ಕುರ್ಚಿಯಲ್ಲಿ ಕುಳಿತು ಹಾಜರಿ ತುಂಬಿದವನು ನಾನು. ಹಣ ಎಲ್ಲಿ ಸೋರುತ್ತದೆ ಎಂಬುದು ಗೊತ್ತಿರುವುದರಿಂದ ಈ ಲೇಖನ.

ಇಲ್ಲಿ ತೆಗೆದುಕೊಂಡಿರುವುದು ಗಂಟೆಯ ದರದ ಮೇಲೆ ಪಗಾರ ಪಡೆಯುವ ಕಾರ್ಖಾನೆ ಕೆಲಸಗಾರನ ಒಂದು ತಿಂಗಳ ಲೆಕ್ಕ. ಅಫಜಲಪುರ ಕಡೆಯ ಒಬ್ಬ ಹುಡುಗ ಹೇಳಿದ್ದನ್ನು ಆಧಾರವಾಗಿ ಇಟ್ಟುಕೊಂಡು, ಅಂಕಿಗಳನ್ನು ಸುಲಭಕ್ಕೆ ಹೊಂದಿಸಿಕೊಂಡಿದ್ದೇನೆ. ಅವನ ತಿಂಗಳು 30 ದಿನದ್ದು, 1ನೇ ತಾರೀಕು ಸೋಮವಾರ. ಪಾಳಿ ಬೆಳಿಗ್ಗೆ 8:00ರಿಂದ ಸಂಜೆ 4:30ರವರೆಗೆ, ನಡುವೆ ಅರ್ಧ ಗಂಟೆ ಊಟದ ಬಿಡುವು. ಬಿಡುವಿಗೆ ಪಗಾರವಿಲ್ಲ, ಆದ್ದರಿಂದ ಕೆಲಸ 8 ಗಂಟೆ. ಭಾನುವಾರ ವಾರದ ರಜೆ. ದರ ಗಂಟೆಗೆ 84 ರೂಪಾಯಿ. ನೇಮಕದ ಪತ್ರದಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮೀರಿದ್ದೆಲ್ಲ ಓಟಿ ಎಂದಿದೆ.

ಮೊದಲು ಇವನ್ನು ಕೂಡಿಸಿಕೊಳ್ಳಿ

ನೇಮಕದ ಪತ್ರ ಅಥವಾ ಅದರ ಫೋಟೋ, ಕಳೆದ ತಿಂಗಳ ಮತ್ತು ಈ ತಿಂಗಳ ಪಗಾರ ಚೀಟಿ, ಬ್ಯಾಂಕಿನಿಂದ ಬಂದ ಸಂದೇಶ, ಮತ್ತು ನೀವೇ ಬರೆದ ದಿನಚರಿ. ಕೊನೆಯದು ಇಲ್ಲದಿದ್ದರೆ ಉಳಿದವು ಹೆಚ್ಚು ಸಹಾಯ ಮಾಡುವುದಿಲ್ಲ. ಜೇಬಿನಲ್ಲಿ ಹಿಡಿಯುವ ಸಣ್ಣ ಡೈರಿ ಸಾಕು. ಪಂಚ್ ಮಾಡಿದ ಕೂಡಲೇ ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ ಬರೆಯಿರಿ. ರಾತ್ರಿ ಖೋಲಿಗೆ ಹೋಗಿ ನೆನಪಿನಿಂದ ಬರೆದರೆ ಎಲ್ಲ ದಿನವೂ "8 ರಿಂದ 7" ಎಂದೇ ಇರುತ್ತದೆ. ಅಂಥ ಡೈರಿಯನ್ನು ಟೈಮ್ ಆಫೀಸಿನವರು ಒಂದೇ ನೋಟದಲ್ಲಿ ಪಕ್ಕಕ್ಕೆ ಇಡುತ್ತಾರೆ. 6:40 ಎಂದಿದ್ದರೆ 6:40 ಎಂದೇ ಬರೆಯಿರಿ.

ಸುಪರ್ವೈಸರ್ "ಇವತ್ತು ನಿಲ್ಲು" ಎಂದು ಬಾಯಲ್ಲಿ ಹೇಳಿದರೆ, ಅವರಿಗೆ ವಾಟ್ಸಾಪಿನಲ್ಲಿ "ಸಾಹೇಬರೇ, ನೀವು ಹೇಳಿದಂತೆ ಇವತ್ತು 6:30ರವರೆಗೆ ನಿಂತಿದ್ದೇನೆ" ಎಂದು ಒಂದು ಸಾಲು ಹಾಕಿ. ಓಟಿಗೆ ಮಂಜೂರಾತಿ ಇರಲಿಲ್ಲ ಎಂಬ ತಕರಾರು ಬಂದಾಗ ಆ ಸಾಲು ಕೆಲಸಕ್ಕೆ ಬರುತ್ತದೆ.

ಹಂತ 1: ಹಾಜರಿಯ ತಿಂಗಳು ಯಾವುದು, ದರ ಯಾವುದು

ಎಷ್ಟೋ ಜಗಳ ಇಲ್ಲಿಯೇ ಮುಗಿದುಹೋಗುತ್ತವೆ. ಹಲವು ಕಡೆ ಪಗಾರದ ತಿಂಗಳು 1ರಿಂದ 30 ಅಲ್ಲ. ಹಿಂದಿನ ತಿಂಗಳ 21ರಿಂದ ಈ ತಿಂಗಳ 20ರವರೆಗೆ ಹಾಜರಿ ಹಿಡಿಯುವುದು ಉಂಟು. ಹಾಗಿದ್ದರೆ ನೀವು 25ರಂದು ಮಾಡಿದ ಓಟಿ ಈ ಚೀಟಿಯಲ್ಲಿ ಕಾಣುವುದೇ ಇಲ್ಲ, ಮುಂದಿನದರಲ್ಲಿ ಬರುತ್ತದೆ. ಟೈಮ್ ಆಫೀಸಿನಲ್ಲಿ "ಹಾಜರಿ ಎಷ್ಟರಿಂದ ಎಷ್ಟಕ್ಕೆ?" ಎಂದು ಕೇಳಿಕೊಂಡು ಡೈರಿಯಲ್ಲಿ ಆ ತಾರೀಕಿಗೆ ಗೆರೆ ಹಾಕಿ. ನಮ್ಮ ಹುಡುಗನ ಕಡೆ 1ರಿಂದ 30ರವರೆಗೆ.

ಇನ್ನು ದರ. ಚೀಟಿಯಲ್ಲಿ ತಿಂಗಳ ಮೊತ್ತವಷ್ಟೇ ಇದ್ದರೆ ಗಂಟೆಯ ದರವನ್ನು ನೀವೇ ತೆಗೆಯಬೇಕು. ಭಾನುವಾರದ ರಜೆ ಬಿಟ್ಟು ತಿಂಗಳಿಗೆ 26 ದಿನ ಎಂದು ಹಿಡಿಯುವುದು ವಾಡಿಕೆ. 17,472 ರೂಪಾಯಿಯನ್ನು 26ರಿಂದ ಭಾಗಿಸಿದರೆ ದಿನಕ್ಕೆ 672, ಅದನ್ನು 8ರಿಂದ ಭಾಗಿಸಿದರೆ ಗಂಟೆಗೆ 84. ಇದೇ ಮೊತ್ತವನ್ನು 30ರಿಂದ ಭಾಗಿಸಿದರೆ ಗಂಟೆಗೆ 72.80 ಬರುತ್ತದೆ. ಕೆಲಸದ ದಿನದ ಪಗಾರಕ್ಕೆ 26, ಓಟಿಗೆ ಮಾತ್ರ 30 ಎಂದು ಎರಡು ಭಾಜಕ ಬಳಸುವ ಠೇಕೇದಾರರನ್ನು ನಾನು ನೋಡಿದ್ದೇನೆ. ಒಂದೇ ಚೀಟಿಯಲ್ಲಿ ಎರಡು ದರ ಇರುವುದು ಸಲ್ಲದು.

ಮಹಾರಾಷ್ಟ್ರದಲ್ಲಿ ಕನಿಷ್ಠ ವೇತನಕ್ಕೆ ಎರಡು ಭಾಗ: ಮೂಲ ವೇತನ ಮತ್ತು ವಿಶೇಷ ಭತ್ಯೆ. ವಿಶೇಷ ಭತ್ಯೆ ಎಂದರೆ ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆ. ಅದು ಜನವರಿ ಮತ್ತು ಜುಲೈನಲ್ಲಿ ಬದಲಾಗುತ್ತದೆ. ಓಟಿಯ ದರ ತೆಗೆಯುವಾಗ ಎರಡೂ ಸೇರಬೇಕು. ಮೂಲ ವೇತನವನ್ನಷ್ಟೇ ದುಪ್ಪಟ್ಟು ಮಾಡಿ "ಡಬಲ್ ಕೊಟ್ಟಿದ್ದೇವೆ" ಎನ್ನುವುದು ಹಳೆಯ ಚಾಳಿ. ನಮ್ಮ ಹುಡುಗನ 84 ರೂಪಾಯಿಯಲ್ಲಿ ಎರಡೂ ಸೇರಿವೆ.

ಹಂತ 2: ಪ್ರತಿ ದಿನವನ್ನು ನಿಮಿಷಕ್ಕೆ ಇಳಿಸಿ

ಗಂಟೆಯಲ್ಲಿ ಕೂಡಿಸಲು ಹೋಗಬೇಡಿ. ನಿಮಿಷಕ್ಕೆ ಇಳಿಸಿ, ಕೂಡಿಸಿ, ಕೊನೆಯಲ್ಲಿ 60ರಿಂದ ಭಾಗಿಸಿ. ಕಾರಣ ಸರಳ: ಗಡಿಯಾರದ 2:30 ಎಂದರೆ ಎರಡೂವರೆ ಗಂಟೆ, ಅಂದರೆ ಲೆಕ್ಕದಲ್ಲಿ 2.50. ಅದನ್ನು 2.30 ಎಂದು ಟೈಪ್ ಮಾಡಿದರೆ 12 ನಿಮಿಷ ಮಾಯವಾಗುತ್ತದೆ. 1:45 ಎಂದರೆ 1.75. ಅದನ್ನು 1.45 ಎಂದು ಬರೆದರೆ 18 ನಿಮಿಷ ಹೋಯಿತು. ಹೆಚ್ಚಿನ ಸಲ ಯಾರೂ ಬೇಕೆಂದು ಮಾಡುವುದಿಲ್ಲ. ಸಂಜೆ ಆರಕ್ಕೆ ಮನೆಗೆ ಹೊರಡುವ ಆತುರದಲ್ಲಿರುವ ಗುಮಾಸ್ತ ಹಾಜರಿ ಪುಸ್ತಕದಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಟೈಪ್ ಮಾಡುತ್ತಾನೆ. ನಾನೂ ಮೊದಲ ಆರು ತಿಂಗಳು ಹಾಗೆಯೇ ಮಾಡಿದವನು.

ಇದನ್ನು ಪತ್ತೆ ಹಚ್ಚುವುದು ಸುಲಭ. ದಿನದ ಓಟಿಯ ಪಟ್ಟಿ ನೋಡಿ. ಚುಕ್ಕೆಯ ನಂತರ .15, .30, .45 ಎಂದು ಮೇಲಿಂದ ಮೇಲೆ ಬರುತ್ತಿದ್ದು, ಎಲ್ಲಿಯೂ .59 ದಾಟದಿದ್ದರೆ, ಅಲ್ಲಿ ನಿಮಿಷವನ್ನು ದಶಾಂಶವೆಂದು ಕೂಡಿಸಿದ್ದಾರೆ. ಸರಿಯಾದ ಪಟ್ಟಿಯಲ್ಲಿ .25, .50, .75 ಕಾಣಬೇಕು.

ಮೊಬೈಲಿನಲ್ಲಿ ಗೂಗಲ್ ಶೀಟ್ಸ್ ಇದ್ದರೆ ಹೀಗೆ ಮಾಡಿ. A ಕಾಲಂನಲ್ಲಿ ತಾರೀಕು, Bಯಲ್ಲಿ ಒಳಗೆ ಹೋದ ಸಮಯ, Cಯಲ್ಲಿ ಹೊರಗೆ ಬಂದ ಸಮಯ, Dಯಲ್ಲಿ ಬಿಡುವಿನ ನಿಮಿಷ. ಸಮಯವನ್ನು 24 ಗಂಟೆಯ ಲೆಕ್ಕದಲ್ಲಿ, 18:40 ಎಂಬಂತೆ ಬರೆಯಿರಿ. ಆಮೇಲೆ E2, F2, G2 ಮನೆಗಳಲ್ಲಿ ಕ್ರಮವಾಗಿ:

```
=ROUND(MOD(C2-B2,1)*1440-D2,0)
=MIN(E2,480)
=MAX(E2-480,0)
```

ಮೊದಲನೆಯದು ದುಡಿದ ಒಟ್ಟು ನಿಮಿಷ, ಎರಡನೆಯದು ಮಾಮೂಲಿ ನಿಮಿಷ (8 ಗಂಟೆ ಎಂದರೆ 480), ಮೂರನೆಯದು ಓಟಿಯ ನಿಮಿಷ. `MOD` ಇರುವುದರಿಂದ ರಾತ್ರಿ ಒಳಗೆ ಹೋಗಿ ಮರುದಿನ ಬೆಳಗಿನ ಜಾವ ಹೊರಗೆ ಬಂದರೂ ಲೆಕ್ಕ ತಪ್ಪುವುದಿಲ್ಲ. ಅದಿಲ್ಲದೆ ಬರೀ ಕಳೆದರೆ ಉತ್ತರ ಋಣಸಂಖ್ಯೆಯಾಗುತ್ತದೆ. ರಜೆಯ ದಿನದ ಸಾಲನ್ನು ಸೂತ್ರವಿಲ್ಲದೆ ಖಾಲಿ ಬಿಡಿ.

ಬಿಡುವಿನ ಬಗ್ಗೆ ಒಂದು ಮಾತು. ಕೆಲವು ಹಾಜರಿ ಯಂತ್ರಗಳ ಸಾಫ್ಟ್‌ವೇರ್, 10 ಗಂಟೆ ದಾಟಿದರೆ ಇನ್ನೊಂದು ಅರ್ಧ ಗಂಟೆಯನ್ನು ತಾನೇ ಕಳೆಯುವಂತೆ ಹೊಂದಿಸಿರುತ್ತಾರೆ. ಆ ಎರಡನೇ ಬಿಡುವು ನಿಮಗೆ ನಿಜವಾಗಿ ಸಿಕ್ಕಿತ್ತೇ? ಸಿಕ್ಕಿರದಿದ್ದರೆ D ಕಾಲಂನಲ್ಲಿ 30 ಎಂದೇ ಇಡಿ, 60 ಎಂದಲ್ಲ.

ತಡವಾಗಿ ಹೋದ ದಿನವೂ ಹೀಗೆಯೇ. 10 ನಿಮಿಷ ತಡವಾದರೆ 10 ನಿಮಿಷದ ಪಗಾರ ಹೋಗುವುದು ನ್ಯಾಯ. "ಮೂರು ಸಲ ತಡವಾದರೆ ಅರ್ಧ ಹಾಜರಿ ಕಟ್" ಎಂಬ ಬೋರ್ಡು ಎಲ್ಲ ಕಡೆ ಕಾಣುತ್ತದೆ. ಆದರೆ ಗೈರಿನ ಕಡಿತ ಗೈರಾದ ಸಮಯಕ್ಕೆ ತಕ್ಕಷ್ಟೇ ಇರಬೇಕು, ಅದನ್ನು ಮೀರಬಾರದು ಎಂಬುದು 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಇರುವ ನಿಯಮ.

ಹಂತ 3: ರಾತ್ರಿ ಪಾಳಿಯ ದಿನಗಳನ್ನು ಪ್ರತ್ಯೇಕವಾಗಿ ನೋಡಿ

ನಮ್ಮ ಹುಡುಗನಿಗೆ ನಾಲ್ಕನೇ ವಾರ ರಾತ್ರಿ ಪಾಳಿ: ರಾತ್ರಿ 8:00ಕ್ಕೆ ಒಳಗೆ, ಬೆಳಗಿನ ಜಾವ 4:30ಕ್ಕೆ ಹೊರಗೆ. ಶನಿವಾರ 27ರ ರಾತ್ರಿ ಒಳಗೆ ಹೋದವನು ಹೊರಗೆ ಬಂದದ್ದು ಭಾನುವಾರ 28ರಂದು. ಯಂತ್ರಕ್ಕೆ ಭಾನುವಾರ ವಾರದ ರಜೆ ಎಂದು ತಿಳಿಸಿದ್ದರು. ರಜೆಯ ದಿನದ ಪಂಚನ್ನು ಅದು ಗಣನೆಗೆ ತೆಗೆದುಕೊಳ್ಳಲಿಲ್ಲ. ಶನಿವಾರದ ಎದುರಿಗೆ ಒಳಗೆ ಹೋದ ಪಂಚ್ ಒಂದೇ ಉಳಿಯಿತು. ಜೋಡಿ ಸಿಗದ ಪಂಚನ್ನು ಗುಮಾಸ್ತ ಗೈರು ಎಂದು ಮುಗಿಸಿದ. ಎಂಟು ಗಂಟೆ ಕೆಲಸ ಪೂರ್ತಿ ಹೋಯಿತು.

ನಿಯಮ ಇದಕ್ಕೆ ವಿರುದ್ಧವಾಗಿದೆ. ಪಾಳಿ ನಡುರಾತ್ರಿ ದಾಟಿದರೆ, 12ರ ನಂತರದ ಗಂಟೆಗಳನ್ನು ಹಿಂದಿನ ದಿನದ ಖಾತೆಗೇ ಸೇರಿಸಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 57ನೇ ಕಲಮು ಹೇಳುತ್ತಿತ್ತು. ಆದ್ದರಿಂದ ಡೈರಿಯಲ್ಲಿ ರಾತ್ರಿ ಪಾಳಿಯನ್ನು ಒಳಗೆ ಹೋದ ತಾರೀಕಿನ ಎದುರಿಗೇ ಪೂರ್ತಿ ಬರೆಯಿರಿ. ಒಂದೇ ಪಾಳಿಯನ್ನು ಎರಡು ತಾರೀಕಿಗೆ ಸೀಳಿದರೆ ಇನ್ನೊಂದು ತೊಂದರೆಯೂ ಇದೆ. 10 ಗಂಟೆಯ ರಾತ್ರಿ ಎರಡು ದಿನಗಳಿಗೆ 4 ಮತ್ತು 6 ಎಂದು ಹಂಚಿಹೋಗಿ, ಯಾವ ದಿನವೂ 8 ದಾಟದೆ, ಓಟಿಯೇ ಇಲ್ಲವಾಗುತ್ತದೆ.

ಚೀಟಿಯಲ್ಲಿ ಇದನ್ನು ಗುರುತಿಸಲು ಹಾಜರಿಯ ದಿನಗಳನ್ನು ಎಣಿಸಿ. ರಾತ್ರಿ ಪಾಳಿ ಇದ್ದ ತಿಂಗಳಲ್ಲಿ ಒಂದು ದಿನ ಕಡಿಮೆ ಬಂದಿದ್ದರೆ ಮೊದಲು ಶನಿವಾರದ ರಾತ್ರಿಗಳನ್ನೇ ನೋಡಿ.

ಹಂತ 4: ವಾರದ ಲೆಕ್ಕ, ಎರಡು ಬಗೆಯಲ್ಲಿ

ಇದು ತುಸು ನಿಧಾನವಾಗಿ ಓದಬೇಕಾದ ಭಾಗ. ಇಲ್ಲಿ ಠೇಕೇದಾರರೂ ತಪ್ಪುತ್ತಾರೆ, ಕೆಲಸಗಾರರೂ ತಪ್ಪುತ್ತಾರೆ, ಇಬ್ಬರೂ ತಮ್ಮ ಕಡೆಗೆ ಲಾಭವಾಗುವಂತೆ.

ಓಟಿಗೆ ಎರಡು ಗೆರೆಗಳಿವೆ. ಒಂದು ದಿನದ ಗೆರೆ, ಇನ್ನೊಂದು ವಾರದ ಗೆರೆ. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ದಿನದ ಗೆರೆ 8 ಗಂಟೆ. ನಮ್ಮ ಹುಡುಗನ ನೇಮಕದ ಪತ್ರದಲ್ಲಿಯೂ 8 ಮತ್ತು 48. ನಿಮ್ಮ ಪತ್ರದಲ್ಲಿ ಏನಿದೆ, ಕಾರ್ಖಾನೆಯ ಬಾಗಿಲ ಬಳಿ ಹಾಕಿರುವ ಕೆಲಸದ ಅವಧಿಯ ಪಟ್ಟಿಯಲ್ಲಿ ಏನಿದೆ ಎಂದು ನೋಡಿಕೊಳ್ಳಿ.

ಪ್ರತಿ ವಾರಕ್ಕೆ ಎರಡು ಸಲ ಲೆಕ್ಕ ಹಾಕಿ. ಮೊದಲ ಬಗೆ: ಪ್ರತಿ ದಿನ 8 ಗಂಟೆ ಮೀರಿದ್ದನ್ನು ಕೂಡಿಸಿ. ಎರಡನೇ ಬಗೆ: ವಾರದ ಒಟ್ಟು ಗಂಟೆಗಳಿಂದ 48 ಕಳೆಯಿರಿ. ಎರಡರಲ್ಲಿ ಯಾವುದು ಹೆಚ್ಚೋ ಅದೇ ಆ ವಾರದ ಓಟಿ. ಎರಡನ್ನೂ ಕೂಡಿಸಬಾರದು.

ನಮ್ಮ ಹುಡುಗನ ಮೂರನೇ ವಾರ ನೋಡೋಣ. ಸೋಮವಾರದಿಂದ ಶನಿವಾರ ಆರು ದಿನವೂ ಬಂದಿದ್ದಾನೆ. 16ರಂದು 1 ಗಂಟೆ 20 ನಿಮಿಷ, 19ರಂದು 2 ಗಂಟೆ 10 ನಿಮಿಷ ಹೆಚ್ಚು ನಿಂತಿದ್ದಾನೆ. ಭಾನುವಾರ 21ರಂದು ಮಾಲು ಕಳಿಸುವ ಗಡಿಬಿಡಿಯಲ್ಲಿ 8 ಗಂಟೆ ಕರೆಸಿದ್ದಾರೆ. ದಿನದ ಗೆರೆಯ ಪ್ರಕಾರ ಓಟಿ 3 ಗಂಟೆ 30 ನಿಮಿಷ, ಏಕೆಂದರೆ ಭಾನುವಾರ 8 ದಾಟಿಲ್ಲ. ವಾರದ ಗೆರೆಯ ಪ್ರಕಾರ ಒಟ್ಟು 59 ಗಂಟೆ 30 ನಿಮಿಷದಲ್ಲಿ 48 ಕಳೆದರೆ 11 ಗಂಟೆ 30 ನಿಮಿಷ. ಹೆಚ್ಚಿನದು 11:30, ಅದೇ ಓಟಿ. ಹುಡುಗ ತನ್ನ ಲೆಕ್ಕದಲ್ಲಿ ಎರಡನ್ನೂ ಕೂಡಿಸಿ 15 ಗಂಟೆ ಎಂದು ಬರೆದುಕೊಂಡಿದ್ದ. ಆ ಮೂರೂವರೆ ಗಂಟೆ 11:30ರ ಒಳಗೇ ಇದೆ. ಅದನ್ನು ಮತ್ತೆ ಕೇಳಿದರೆ ನಿಮ್ಮ ಉಳಿದ ಸರಿಯಾದ ಲೆಕ್ಕವನ್ನೂ ಅವರು ನಂಬುವುದಿಲ್ಲ.

ಎರಡನೇ ವಾರ ಇದಕ್ಕೆ ತದ್ವಿರುದ್ಧ. 10 ಮತ್ತು 11ರಂದು ಹುಡುಗ ಊರಿಗೆ ಹೋಗಿದ್ದ. ಉಳಿದ ನಾಲ್ಕು ದಿನಗಳಲ್ಲಿ 8ರಂದು 2 ಗಂಟೆ 15 ನಿಮಿಷ, 13ರಂದು 2 ಗಂಟೆ ಹೆಚ್ಚು ನಿಂತಿದ್ದಾನೆ. ವಾರದ ಒಟ್ಟು 36 ಗಂಟೆ 15 ನಿಮಿಷ. "48 ತುಂಬಿಯೇ ಇಲ್ಲ, ಓಟಿ ಎಲ್ಲಿಂದ ಬರಬೇಕು? ಗೈರಾದ ದಿನಕ್ಕೆ ಹೊಂದಿಸಿಕೊಂಡಿದ್ದೇವೆ" ಎಂಬ ಮಾತು ಬರುತ್ತದೆ. ಇದು ಒಪ್ಪತಕ್ಕ ಮಾತಲ್ಲ. ದಿನದ ಗೆರೆ ದಾಟಿದರೆ ಸಾಕು, ವಾರ ತುಂಬಬೇಕೆಂದಿಲ್ಲ. ಓಟಿ 4 ಗಂಟೆ 15 ನಿಮಿಷ. ಗೈರಾದ ಎರಡು ದಿನದ ಪಗಾರ ಹೇಗೂ ಹೋಗಿದೆ. ಅದೇ ಗೈರನ್ನು ಓಟಿಯ ಮೇಲೂ ಹಾಕಿದರೆ ಒಂದು ತಪ್ಪಿಗೆ ಎರಡು ದಂಡ.

ತಿಂಗಳ ಕೊನೆಯ ತುಂಡು ವಾರಕ್ಕೆ, ಇಲ್ಲಿ 29 ಮತ್ತು 30, ದಿನದ ಗೆರೆಯನ್ನಷ್ಟೇ ಹಚ್ಚಿ. ಆ ವಾರ ಮುಗಿಯುವುದು ಮುಂದಿನ ತಿಂಗಳು. ಈ ಎರಡು ದಿನದ ಗಂಟೆಗಳನ್ನು ಮುಂದಿನ ತಿಂಗಳ ಹಾಳೆಯ ಮೇಲ್ಭಾಗದಲ್ಲಿ ಈಗಲೇ ಬರೆದಿಡಿ. ಆ ವಾರದ ಭಾನುವಾರ ನಿಮ್ಮನ್ನು ಕರೆಸಿದರೆ 48ರ ಲೆಕ್ಕಕ್ಕೆ ಇವು ಬೇಕಾಗುತ್ತವೆ. ಮರೆತರೆ ಭಾನುವಾರದ ದುಪ್ಪಟ್ಟು ಒಂಟಿಯಾಗುತ್ತದೆ.

ಇಡೀ ತಿಂಗಳು ಹೀಗೆ ನಿಲ್ಲುತ್ತದೆ:

| ವಾರ | ಮಾಮೂಲಿ ಗಂಟೆ | ಓಟಿ |
|---|---|---|
| 1–7 | 48 | 6:30 |
| 8–14 | 32 | 4:15 |
| 15–21 | 48 | 11:30 |
| 22–28 | 48 | 3:45 |
| 29–30 | 16 | 2:00 |
| ಒಟ್ಟು | 192 | 28:00 |

ಮಾಮೂಲಿ 192 ಗಂಟೆಯನ್ನು 8ರಿಂದ ಭಾಗಿಸಿದರೆ 24 ದಿನ. ತಿಂಗಳಲ್ಲಿ ಭಾನುವಾರ ಬಿಟ್ಟು 26 ಕೆಲಸದ ದಿನ, ಎರಡು ದಿನ ಗೈರು. 24 ಸರಿಹೊಂದಿತು. ಈ ಒಂದು ತಾಳೆಯನ್ನು ತಪ್ಪದೆ ಮಾಡಿ, ಎಲ್ಲಿಯಾದರೂ ಒಂದು ಸಾಲು ಬಿಟ್ಟುಹೋಗಿದ್ದರೆ ಇಲ್ಲಿಯೇ ಸಿಗುತ್ತದೆ.

ಹಂತ 5: ಎಷ್ಟು ಪಟ್ಟು?

ಓಟಿಗೆ ಮಾಮೂಲಿ ದರದ ಎರಡು ಪಟ್ಟು. ಹಳೆಯ ಕಾಯ್ದೆಯಲ್ಲಿಯೂ ಇದೇ, ಹೊಸ ಸಂಹಿತೆಯಲ್ಲಿಯೂ ಇದೇ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯೂ ಎರಡು ಪಟ್ಟು ಎಂದೇ ಹೇಳುತ್ತದೆ, ಆದ್ದರಿಂದ ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ ದುಡಿಯುವವರೂ ಇದನ್ನು ಗಮನಿಸಬಹುದು. "ನಮ್ಮ ಕಂಪನಿಯಲ್ಲಿ ಒಂದೂವರೆ ಪಟ್ಟು" ಎಂಬ ಮಾತಿಗೆ ಕಾನೂನಿನ ಆಸರೆ ಇಲ್ಲ. ನೀವು ಅದಕ್ಕೆ ಸಹಿ ಹಾಕಿದ್ದರೂ ಇಲ್ಲ.

ಆದರೆ ಚೀಟಿಯಲ್ಲಿ "ಓಟಿ ದರ 84" ಎಂದು ಕಂಡ ಕೂಡಲೇ ಜಗಳಕ್ಕೆ ಹೋಗಬೇಡಿ. ದುಪ್ಪಟ್ಟನ್ನು ಚೀಟಿಯಲ್ಲಿ ಮೂರು ಬಗೆಯಲ್ಲಿ ತೋರಿಸಬಹುದು. ಮೊದಲನೆಯದು ನೇರ: 28 ಗಂಟೆ, ದರ 168. ಎರಡನೆಯದರಲ್ಲಿ ಗಂಟೆಯನ್ನೇ ದುಪ್ಪಟ್ಟು ಬರೆಯುತ್ತಾರೆ: 56 ಗಂಟೆ, ದರ 84. ಮೂರನೆಯದರಲ್ಲಿ ಓಟಿಯ 28 ಗಂಟೆ ಮಾಮೂಲಿ ಗಂಟೆಗಳ ಜೊತೆಗೇ ಸೇರಿ 220 ಗಂಟೆ ಎಂದಾಗಿರುತ್ತದೆ. ಅದಕ್ಕೆ 84ರಂತೆ ಕೊಟ್ಟು, ಮೇಲಿನ ಒಂದು ಪಟ್ಟನ್ನಷ್ಟೇ "ಓಟಿ 28 ಗಂಟೆ, ದರ 84" ಎಂದು ಬೇರೆ ಸಾಲಿನಲ್ಲಿ ಹಾಕುತ್ತಾರೆ. ಮೂರರಲ್ಲೂ ಒಟ್ಟು ಒಂದೇ: 20,832 ರೂಪಾಯಿ. ಓಟಿಯ ಸಾಲನ್ನು ಒಂಟಿಯಾಗಿ ನೋಡದೆ, ಮಾಮೂಲಿ ಗಂಟೆಗಳ ಸಾಲಿನಲ್ಲಿ 192 ಇದೆಯೋ 220 ಇದೆಯೋ ಎಂದು ನೋಡಿ. 192 ಇದ್ದು, ಓಟಿ 28ಕ್ಕೆ 84ರ ದರವಿದ್ದರೆ ಆಗ ದುಪ್ಪಟ್ಟು ಕೊಟ್ಟಿಲ್ಲ.

ನಮ್ಮ ಲೆಕ್ಕ: 192 ಗಂಟೆಗೆ 84ರಂತೆ 16,128. ಓಟಿ 28 ಗಂಟೆಗೆ 168ರಂತೆ 4,704. ಒಟ್ಟು 20,832.

ಹಂತ 6: ಚೀಟಿಯ ಪಕ್ಕದಲ್ಲಿ ಇಟ್ಟು ವ್ಯತ್ಯಾಸವನ್ನು ಬಿಡಿಸಿ

ಹುಡುಗನ ಚೀಟಿಯಲ್ಲಿ ಹೀಗಿತ್ತು: ಹಾಜರಿ 23 ದಿನ, ಮಾಮೂಲಿ 184 ಗಂಟೆ, 15,456 ರೂಪಾಯಿ. ಓಟಿ 27.20 ಗಂಟೆ, ದರ 126, 3,427.20 ರೂಪಾಯಿ. ಒಟ್ಟು 18,883.20.

ವ್ಯತ್ಯಾಸ 1,948.80. "ಸಾಹೇಬರೇ, ಎರಡು ಸಾವಿರ ಕಡಿಮೆ ಬಂದಿದೆ" ಎಂದು ಹೋದರೆ "ಬಿಡಪ್ಪಾ, ನೋಡೋಣ" ಎಂಬ ಉತ್ತರ ಸಿಗುತ್ತದೆ. ಪ್ರತಿ ರೂಪಾಯಿ ಯಾವ ತಪ್ಪಿನಿಂದ ಹೋಯಿತು ಎಂದು ಬಿಡಿಸಿ ತೋರಿಸಬೇಕು. ಇಲ್ಲಿ ತಪ್ಪು ಮೂರು.

27ರ ರಾತ್ರಿ ಗೈರು ಎಂದಾಗಿದೆ. 8 ಗಂಟೆ, 84ರಂತೆ 672 ರೂಪಾಯಿ.

ಓಟಿ 28ರ ಬದಲು 27.20 ಆಗಿದೆ. ಇದು ನಿಮಿಷವನ್ನು ದಶಾಂಶ ಮಾಡಿದ ತಪ್ಪು. ಮೇಲಿನ ಪಟ್ಟಿಯ ಓಟಿಯನ್ನು ಚುಕ್ಕೆ ಇಟ್ಟು ಕೂಡಿಸಿ ನೋಡಿ: 6.30, 4.15, 11.30, 3.45, 2.00. ಸರಿಯಾಗಿ 27.20 ಬರುತ್ತದೆ. ಅವರ ತಪ್ಪನ್ನು ನೀವೇ ಮಾಡಿ ಅವರ ಅಂಕಿಯೇ ಬಂದರೆ, ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಹೋದದ್ದು 0.80 ಗಂಟೆ, ಅವರದೇ 126ರ ದರದಲ್ಲಿ 100.80 ರೂಪಾಯಿ.

ದರ 168ರ ಬದಲು 126 ಇದೆ, ಅಂದರೆ ಒಂದೂವರೆ ಪಟ್ಟು. ಗಂಟೆಗೆ 42 ರೂಪಾಯಿ ಕಡಿಮೆ, 28 ಗಂಟೆಗೆ 1,176.

672, 100.80, 1,176 ಕೂಡಿಸಿದರೆ 1,948.80. ಪೈಸೆಯವರೆಗೆ ಹೊಂದಿತು. ಹೊಂದದೆ ಒಂದಿಷ್ಟು ಉಳಿದರೆ ನಾಲ್ಕನೇ ತಪ್ಪು ಎಲ್ಲಿಯೋ ಇದೆ, ಅಥವಾ ನಿಮ್ಮ ಹಾಳೆಯಲ್ಲೇ ಇದೆ. ಅದು ಸಿಗುವವರೆಗೆ ಟೈಮ್ ಆಫೀಸಿಗೆ ಹೋಗಬೇಡಿ.

ಹಂತ 7: ಕಡಿತಗಳು

ಪಿಎಫ್ ಎಂದರೆ ಭವಿಷ್ಯ ನಿಧಿ: ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12. ಹೆಚ್ಚಿನವರು 15,000 ರೂಪಾಯಿಯ ಮಿತಿಗೆ ನಿಲ್ಲಿಸುತ್ತಾರೆ, ಆಗ 1,800. ಓಟಿಯ ಮೇಲೆ ಪಿಎಫ್ ಇಲ್ಲ. ಇಎಸ್‌ಐ, ಅಂದರೆ ಕಾರ್ಮಿಕರ ಆಸ್ಪತ್ರೆಯ ವಿಮೆ, ಹಳೆಯ ಇಎಸ್‌ಐ ಕಾಯ್ದೆಯ ಲೆಕ್ಕದಂತೆ ಓಟಿ ಸೇರಿದ ಒಟ್ಟು ಮೊತ್ತದ ಮೇಲೆ ಶೇ 0.75, ಮೇಲಿನ ರೂಪಾಯಿಗೆ ಏರಿಸಿ. 20,832ಕ್ಕೆ 156.24, ಅಂದರೆ 157. ವೃತ್ತಿ ತೆರಿಗೆ ಮಹಾರಾಷ್ಟ್ರದಲ್ಲಿ 10,000 ದಾಟಿದ ಗಂಡಸರಿಗೆ 200, ಫೆಬ್ರುವರಿಯಲ್ಲಿ ಮಾತ್ರ 300. ಹೆಂಗಸರಿಗೆ 25,000ದವರೆಗೆ ಇಲ್ಲ. ಗೋವಾದಲ್ಲಿ ಈ ತೆರಿಗೆಯೇ ಇಲ್ಲ, ವೆರ್ಣಾದ ಚೀಟಿಯಲ್ಲಿ ಕಂಡರೆ ಕೇಳಿ. ಮೂರೂ ಸೇರಿ 2,157. ಕೈಗೆ ಬರಬೇಕಾದದ್ದು 18,675.

ಓಟಿ ಸೇರಿ ಮೊತ್ತ 21,000 ದಾಟಿದರೆ ಇಎಸ್‌ಐ ತಪ್ಪಿಹೋಗುತ್ತದೆ ಎಂದು ಹೆದರಿಸುವುದುಂಟು. 21,000ದ ಮಿತಿ ನೋಡುವಾಗ ಓಟಿಯನ್ನು ಸೇರಿಸುವುದಿಲ್ಲ. ಹಾಗೆಯೇ ಸುರಕ್ಷಾ ಬೂಟು, ಹೆಲ್ಮೆಟ್‌ಗಳ ಹೆಸರಿನಲ್ಲಿ ಕಡಿತ ಕಂಡರೆ ಅದನ್ನೂ ಕೆಂಪು ಶಾಯಿಯಲ್ಲಿ ಗುರುತಿಸಿ. ಕಾರ್ಖಾನೆ ಕೊಡಲೇಬೇಕಾದ ಸಾಮಾನಿಗೆ ಕೆಲಸಗಾರನಿಂದ ಹಣ ಹಿಡಿಯುವಂತಿಲ್ಲ. ಮುಂಗಡವಾಗಿ ಎತ್ತಿದ ಉಚಲ್ ಇದ್ದರೆ ಅದರ ಕಂತು, ಉಳಿದ ಬಾಕಿ ಎರಡೂ ನಿಮ್ಮ ಡೈರಿಯಲ್ಲಿ ಇರಲಿ.

ಮೊಬೈಲಿನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು, ಠೇಕೇದಾರ ಸರಕಾರಕ್ಕೆ ಎಷ್ಟು ವೇತನ ತೋರಿಸಿದ್ದಾನೆ ಎಂದು ನೋಡಿ. ಚೀಟಿಯಲ್ಲಿ ಕಡಿದದ್ದು ಅಲ್ಲಿ ಜಮೆಯಾಗಿರಬೇಕು. ಚೀಟಿಯಲ್ಲಿ ಒಂದು ಅಂಕಿ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದ್ದರೆ ಅದು ಗುಮಾಸ್ತನ ಕೈತಪ್ಪಲ್ಲ.

ಹಂತ 8: ಕೇಳುವ ಕ್ರಮ

ಒಂದು ಹಾಳೆಯಲ್ಲಿ ಎಡಕ್ಕೆ ನಿಮ್ಮ ಅಂಕಿ, ಬಲಕ್ಕೆ ಚೀಟಿಯ ಅಂಕಿ, ಕೆಳಗೆ ಮೂರು ತಪ್ಪುಗಳ ಮೂರು ಸಾಲು. ಮೊದಲು ಠೇಕೇದಾರನ ಸುಪರ್ವೈಸರಿಗೆ ಕೊಡಿ, ಒಂದು ಪ್ರತಿಯ ಮೇಲೆ ತಾರೀಕು ಹಾಕಿ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ. ಹಾಜರಿಯ ತಪ್ಪು ಮತ್ತು ನಿಮಿಷದ ತಪ್ಪನ್ನು ಮೊದಲು ಕೇಳಿ. ಅವು ಕೈತಪ್ಪುಗಳು, ಒಪ್ಪಿಕೊಳ್ಳಲು ಅವರಿಗೆ ಕಷ್ಟವಿಲ್ಲ. ದುಪ್ಪಟ್ಟಿನದು ನೀತಿಯ ಮಾತು. ಅದನ್ನು ಒಬ್ಬರೇ ಕೇಳುವುದಕ್ಕಿಂತ ಅದೇ ಸಾಲಿನಲ್ಲಿ ಅದೇ ದರ ಪಡೆಯುವ ನಾಲ್ಕಾರು ಜನ ಸೇರಿ ಕೇಳುವುದು ಒಳ್ಳೆಯದು.

ಅಲ್ಲಿ ಆಗದಿದ್ದರೆ ಕಾರ್ಖಾನೆಯ ಎಚ್‌ಆರ್ ಕಚೇರಿ. ಠೇಕೇದಾರ ಪಗಾರ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಅದನ್ನು ಕೊಡಬೇಕಾದ ಹೊಣೆ ಮೂಲ ಮಾಲೀಕನದು, ಅಂದರೆ ಕಾರ್ಖಾನೆಯದು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಿಂದಲೂ ಹೀಗೆಯೇ ಇದೆ, ಮತ್ತು ಎಚ್‌ಆರ್‌ನವರಿಗೆ ಇದು ಚೆನ್ನಾಗಿ ಗೊತ್ತು. ಅದರ ಮೇಲೆ ಕಾರ್ಮಿಕ ಇಲಾಖೆಯ ಕಚೇರಿ. 2019ರ ವೇತನ ಸಂಹಿತೆಯಲ್ಲಿ ಬಾಕಿ ಕೇಳಲು ಮೂರು ವರ್ಷ ಕಾಲಾವಕಾಶವಿದೆ, ಹಾಗೆಂದು ಕಾಯುತ್ತ ಕೂರಬೇಡಿ. ಪಂಚಿಂಗ್ ಯಂತ್ರದ ಹಳೆಯ ದಾಖಲೆ ಅಷ್ಟು ದಿನ ಉಳಿಯುತ್ತದೆಂಬ ಭರವಸೆ ಇಟ್ಟುಕೊಳ್ಳಬಾರದು.

ಒಪ್ಪಿಕೊಂಡ ಬಾಕಿಯನ್ನು "ಇಗೋ ತೆಗೆದುಕೋ" ಎಂದು ನಗದಾಗಿ ಕೊಡಲು ಬಂದರೆ, ಮುಂದಿನ ಚೀಟಿಯಲ್ಲಿ ಬಾಕಿ ಎಂಬ ಬೇರೆ ಸಾಲಿನಲ್ಲಿ ಹಾಕಿಕೊಡಿ ಎನ್ನಿ. 27ರ ರಾತ್ರಿಯ ಹಾಜರಿಯೂ ಮಸ್ಟರಿನಲ್ಲಿ ತಿದ್ದಿರಬೇಕು. ನಮ್ಮ ಹುಡುಗನಿಗೆ 672 ಮತ್ತು 100.80 ಮುಂದಿನ ತಿಂಗಳೇ ಬಂತು. 1,176 ರೂಪಾಯಿಯ ಮಾತು ಇನ್ನೂ ನಡೆದಿದೆ, ಈಗ ಅವನ ಜೊತೆ ಹನ್ನೊಂದು ಜನರ ಹಾಳೆಗಳಿವೆ.